ಶೇಕಡಾ ಐದರ ಭಯ, ಮೂವತ್ತಾರು ತಿಂಗಳ ಮರೆವು

ಆರೋಗ್ಯ ಸಂಜೀವಿನಿ ಪಾಲಿಸಿಗೆ ಎರಡು ಹೆಸರುಗಳಿವೆ. ಸಾಮಾನ್ಯನಿಗೂ ಅರ್ಥವಾಗುವಷ್ಟು ಸರಳವಾದ ದಸ್ತಾವೇಜು ಎಂಬುದು ಒಂದು. ಕೋ-ಪೇಮೆಂಟ್ ಇರುವ ಪಾಲಿಸಿ, ಆದ್ದರಿಂದ ದೂರವಿರಿ ಎಂಬುದು ಇನ್ನೊಂದು. ಮೊದಲನೆಯದು ಅತಿ ಹೊಗಳಿಕೆ, ಎರಡನೆಯದು ತಪ್ಪು ತೆಗಳಿಕೆ. ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಏಪ್ರಿಲ್ 1ರಿಂದ ಇದನ್ನು ಜಾರಿಗೆ ತಂದಾಗ, ಯಾವ ಕಂಪನಿ ಮಾರಿದರೂ ಒಕ್ಕಣೆ ಒಂದೇ ಇರಬೇಕು ಎಂದಿತು. ಹಾಗಾಗಿ ಇದನ್ನು ಒಂದು ಪಠ್ಯವೆಂದೇ ಓದಬಹುದು. ಇದರ ವೇಟಿಂಗ್ ಪೀರಿಯಡ್ ಷರತ್ತುಗಳ ಮಾತು ಉಳಿದ ಪಾಲಿಸಿಗಳಲ್ಲೂ ಹೆಚ್ಚುಕಡಿಮೆ ಅದೇ. ಬದಲಾಗುವುದು ತಿಂಗಳ ಲೆಕ್ಕ ಮಾತ್ರ. ಇದನ್ನು ಓದಲು ಬಂದವರಿಗೆ ಮಿಕ್ಕವನ್ನೂ ಓದಲು ಬರುತ್ತದೆ.

ಕೋ-ಪೇಮೆಂಟ್ ಎಂದರೆ ಆಸ್ಪತ್ರೆ ಖರ್ಚಿನಲ್ಲಿ ಕಂಪನಿ ಒಪ್ಪಿದ ಮೊತ್ತದ ಒಂದು ಪಾಲನ್ನು ನಾವು ಕೊಡುವುದು. ಆರೋಗ್ಯ ಸಂಜೀವಿನಿಯಲ್ಲಿ ಆ ಪಾಲು ಶೇಕಡಾ 5. ವಯಸ್ಸು ಯಾವುದೇ ಇರಲಿ, ಪ್ರತಿಯೊಂದು ಕ್ಲೈಮಿಗೂ ಅದು ಅನ್ವಯಿಸುತ್ತದೆ. ವೇಟಿಂಗ್ ಪೀರಿಯಡ್ ಎಂದರೆ ಪಾಲಿಸಿ ಶುರುವಾದ ಮೇಲೂ ಕೆಲವು ಕಾಯಿಲೆಗಳಿಗೆ ಹಣ ಸಿಗದ ಅವಧಿ. ಮೊದಲನೆಯದು ಕ್ಲೈಮಿನ ಒಂದು ಚೂರನ್ನು ಕಳೆಯುತ್ತದೆ, ಎರಡನೆಯದು ಇಡೀ ಕ್ಲೈಮನ್ನೇ ಕಳೆಯುತ್ತದೆ. ವೈಯಕ್ತಿಕ ಹಣಕಾಸಿನ ಅಂಕಣಕಾರರು ಪಾಲಿಸಿಗಳನ್ನು ತೂಗುವಾಗ ಇಷ್ಟು ದೊಡ್ಡ ವ್ಯತ್ಯಾಸವನ್ನು ಬದಿಗೆ ಸರಿಸಿ, ಮೊದಲ ಅಂಕಣದಲ್ಲೇ ‘ಕೋ-ಪೇ ಇಲ್ಲ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ನನ್ನ ತಕರಾರು ಅಲ್ಲಿದೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ನಡೆಸಿ ನೋಡೋಣ. ದಾವಣಗೆರೆಯ 56 ವರ್ಷದ ಶಿಕ್ಷಕಿಯೊಬ್ಬರು 2024ರ ಜೂನ್ 10ರಂದು 3 ಲಕ್ಷ ರೂಪಾಯಿಯ ಪಾಲಿಸಿ ಮಾಡಿಸಿದರು ಎಂದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇದೆಯೆಂದು ಅರ್ಜಿಯಲ್ಲೇ ಬರೆದಿದ್ದಾರೆ, ಕಂಪನಿ ಒಪ್ಪಿದೆ. ಜೂನ್ 25ಕ್ಕೆ ಡೆಂಗಿ ಬಂದು ಆಸ್ಪತ್ರೆ ಸೇರಿದರೆ ಹಣ ಸಿಗುವುದಿಲ್ಲ. ಮೊದಲ 30 ದಿನ ಯಾವ ಕಾಯಿಲೆಗೂ ರಕ್ಷಣೆಯಿಲ್ಲ. ಅದೇ ದಿನ ಬಚ್ಚಲಲ್ಲಿ ಜಾರಿ ಬಿದ್ದು ಮೂಳೆ ಮುರಿದಿದ್ದರೆ ಸಿಗುತ್ತಿತ್ತು, ಅಪಘಾತಕ್ಕೆ ಈ ತಡೆ ಇಲ್ಲ. ಇಷ್ಟನ್ನು ಏಜೆಂಟರೆಲ್ಲ ಹೇಳುತ್ತಾರೆ.

2026ರ ಫೆಬ್ರುವರಿಯಲ್ಲಿ, ಅಂದರೆ ಇಪ್ಪತ್ತನೆಯ ತಿಂಗಳು ಮುಗಿದ ಹೊತ್ತಿಗೆ, ಅವರ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು, ಆಪರೇಷನ್ ಆಯಿತು. ಬಿಲ್ 1,20,000 ರೂಪಾಯಿ. ಪಿತ್ತಕೋಶದ ಕಲ್ಲು ದಸ್ತಾವೇಜಿನ 24 ತಿಂಗಳ ಪಟ್ಟಿಯಲ್ಲಿದೆ. ಹರ್ನಿಯಾ, ಕಣ್ಣಿನ ಪೊರೆ, ಮೂಲವ್ಯಾಧಿ, ಗರ್ಭಕೋಶ ತೆಗೆಯುವುದು, ಮೂತ್ರಕೋಶದ ಕಲ್ಲು ಎಲ್ಲವೂ ಅದೇ ಪಟ್ಟಿಯವು. ಕಾಯಿಲೆ ಪಾಲಿಸಿ ತೆಗೆದುಕೊಂಡ ಮೇಲೆಯೇ ಹುಟ್ಟಿದ್ದರೂ 24 ತಿಂಗಳು ಕಾಯಲೇಬೇಕು. ಆದ್ದರಿಂದ ಕೈಗೆ ಬರುವುದು ಸೊನ್ನೆ. ಇದೇ ಆಪರೇಷನ್ ಜುಲೈಗೆ ಬಿದ್ದಿದ್ದರೆ? ಬಿಲ್ಲಿನಲ್ಲಿ ಕಂಪನಿ ಒಪ್ಪದ ಸಣ್ಣಪುಟ್ಟ ಬಾಬ್ತುಗಳು 10,000 ರೂಪಾಯಿ ಎನ್ನಿ. ಒಪ್ಪಿದ ಮೊತ್ತ 1,10,000. ಅದರ ಶೇಕಡಾ 5, ಅಂದರೆ 5,500 ರೂಪಾಯಿ ಶಿಕ್ಷಕಿಯದು, 1,04,500 ಕಂಪನಿಯದು. ಅಂಕಣಕಾರರು ಹೆದರಿಸುವ ಷರತ್ತು ಕಳೆದದ್ದು 5,500. ಅವರು ಒಂದು ಸಾಲಿನಲ್ಲಿ ದಾಟುವ ಷರತ್ತು ಐದು ತಿಂಗಳ ಅಂತರದಲ್ಲಿ ಕಳೆದದ್ದು ಇಡೀ ಮೊತ್ತ.

ಈಗ ಆ ಎರಡನೆಯ ಷರತ್ತಿನ ಒಳಗೆ ಹೋಗಬೇಕು, ಏಕೆಂದರೆ ಸರಳತೆಯ ಹೆಸರು ಕಳಚಿ ಬೀಳುವುದು ಅಲ್ಲೇ. ದಸ್ತಾವೇಜಿನಲ್ಲಿ ಕಾಯುವ ಅವಧಿಗೆ ಮೂರು ಷರತ್ತುಗಳಿವೆ: ಮೊದಲೇ ಇದ್ದ ಕಾಯಿಲೆಗೆ Excl01, ಪಟ್ಟಿಯಲ್ಲಿರುವ ಕಾಯಿಲೆಗೆ Excl02, ಮೊದಲ 30 ದಿನಕ್ಕೆ Excl03. ಓದುಗ ಇವನ್ನು ಮೂರು ಬೇರೆ ಬೇರೆ ಸಾಲುಗಳೆಂದು ಓದುತ್ತಾನೆ. ನಿಜವಾಗಿ ಮೊದಲೆರಡು ಒಂದರೊಳಗೊಂದು ಹೆಣೆದುಕೊಂಡಿವೆ. ಒಂದೇ ಕಾಯಿಲೆ ಎರಡಕ್ಕೂ ಸಿಕ್ಕಿಬಿದ್ದರೆ ಯಾವುದು ಉದ್ದವೋ ಆ ಅವಧಿ ಅನ್ವಯ ಎಂಬ ಮಾತು Excl02ರ ಒಳಗಿನ ಉಪಷರತ್ತಿನಲ್ಲಿ ಅಡಗಿದೆ. ಮೊದಲೇ ಇದ್ದ ಕಾಯಿಲೆಯೆಂದರೆ ಏನು ಎಂಬುದು ಅಲ್ಲಿಲ್ಲ, ಎಷ್ಟೋ ಪುಟ ಹಿಂದಿನ ವ್ಯಾಖ್ಯೆಗಳಲ್ಲಿದೆ: ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ, ಅಥವಾ ಸಲಹೆ, ಚಿಕಿತ್ಸೆ ಸೂಚಿಸಿದ ಕಾಯಿಲೆ. ಶಿಕ್ಷಕಿ 2022ರಲ್ಲಿ ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದ್ದು, ಸಣ್ಣ ಕಲ್ಲಿದೆ, ತೊಂದರೆ ಕೊಟ್ಟರೆ ನೋಡೋಣ ಎಂದು ವೈದ್ಯರು ಬರೆದಿದ್ದರೆ, ಅವರ ಪಿತ್ತಕೋಶ 24 ತಿಂಗಳ ಪಟ್ಟಿಯಿಂದ 36 ತಿಂಗಳ ಲೆಕ್ಕಕ್ಕೆ ಜಾರುತ್ತದೆ. ಜುಲೈ 2026ರ ಕ್ಲೈಮೂ ಸೊನ್ನೆಯಾಗುತ್ತದೆ. ಹಳೆಯ ಒಂದು ಸ್ಕ್ಯಾನ್ ವರದಿ ಒಂದು ವರ್ಷವನ್ನು ಸೇರಿಸಿತು ಎಂಬುದನ್ನು ತಿಳಿಯಲು ದಸ್ತಾವೇಜಿನ ಎರಡು ದೂರದ ಜಾಗಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಇದನ್ನು ಸರಳ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

‘ಮೂರು ವರ್ಷ ಆದಮೇಲೆ ಎಲ್ಲಾ ಕವರ್ ಆಗುತ್ತೆ ಸಾರ್’ ಎಂಬ ಏಜೆಂಟರ ಮಾತಿಗೂ ಇಲ್ಲೇ ಉತ್ತರವಿದೆ. 36 ತಿಂಗಳು ಮುಗಿದ ಮೇಲೆ ರಕ್ಷಣೆ ಸಿಗುವುದು ಅರ್ಜಿಯಲ್ಲಿ ತಿಳಿಸಿ, ಕಂಪನಿ ಒಪ್ಪಿದ ಕಾಯಿಲೆಗೆ. ಆ ಸ್ಕ್ಯಾನ್ ವರದಿಯನ್ನು ಶಿಕ್ಷಕಿ ಹೇಳದೇ ಬಿಟ್ಟಿದ್ದರೆ, 2027ರ ಜೂನ್ ದಾಟಿದರೂ ಮುಚ್ಚಿಟ್ಟಿರೆಂದು ಕಂಪನಿ ತಕರಾರು ತೆಗೆಯಬಹುದು. ಆ ಬಾಗಿಲು ಮುಚ್ಚುವುದು ಪಾಲಿಸಿ ಬಿಡದೆ ನಡೆದು 60 ತಿಂಗಳಾದ ಮೇಲೆ. ವಂಚನೆ ಸಾಬೀತಾದರೆ ಆಗಲೂ ಇಲ್ಲ. ತಕರಾರು ಹುಟ್ಟುವ ಜಾಗ ಬಹಳ ಸಲ ಆಸ್ಪತ್ರೆಯ ಕೇಸ್ ಶೀಟ್. ದಾಖಲಾಗುವ ಗಡಿಬಿಡಿಯಲ್ಲಿ ಮನೆಯವರು ‘ಹತ್ತು ವರ್ಷದಿಂದ ಇದೆ’ ಎಂದು ಅಂದಾಜಿನಲ್ಲಿ ಹೇಳಿದ ಮಾತನ್ನು ಕಿರಿಯ ವೈದ್ಯರು ಬರೆದುಕೊಳ್ಳುತ್ತಾರೆ. ಮುಂದೆ ಕಂಪನಿಯವರು ಮೊದಲು ಓದುವುದು ಆ ಸಾಲನ್ನು.

ಪ್ರಾಧಿಕಾರ 2024ರಲ್ಲಿ ಮೊದಲೇ ಇದ್ದ ಕಾಯಿಲೆಯ ಗರಿಷ್ಠ ಕಾಯುವ ಅವಧಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. ಮೇಲೆ ಹೇಳಿದ 60 ತಿಂಗಳು ಮೊದಲು ಎಂಟು ವರ್ಷವಿತ್ತು. ಇವು ಒಳ್ಳೆಯ ಕೆಲಸ, ಒಪ್ಪುತ್ತೇನೆ. ಆದರೆ ತಿಂಗಳು ಕಡಿಮೆಯಾದವು, ಹೆಣಿಗೆ ಹಾಗೇ ಉಳಿಯಿತು.

ಹೆಣಿಗೆಯ ಇನ್ನೊಂದು ಗಂಟು ವಿಮಾ ಮೊತ್ತ ಏರಿಸಿದಾಗ ಸಿಗುತ್ತದೆ. ಶಿಕ್ಷಕಿ 2025ರ ಜೂನಿನ ನವೀಕರಣದಲ್ಲಿ 3 ಲಕ್ಷವನ್ನು 5 ಲಕ್ಷ ಮಾಡಿಸಿದರು. 2027ರ ನವೆಂಬರಿನಲ್ಲಿ ಸಕ್ಕರೆ ಕಾಯಿಲೆಯಿಂದ ಕಿಡ್ನಿಗೆ ತೊಂದರೆಯಾಗಿ, ಕಂಪನಿ ಒಪ್ಪುವ ಖರ್ಚೇ 4,50,000 ಆಯಿತು. ಮೊದಲೇ ಇದ್ದ ಕಾಯಿಲೆಯಿಂದ ನೇರವಾಗಿ ಹುಟ್ಟಿದ ತೊಂದರೆಗೂ ಅದೇ 36 ತಿಂಗಳು. ಅದು ಜೂನಿಗೇ ಮುಗಿದಿದೆ ಎಂದು ಮನೆಯವರು ನಿರಾಳವಾಗಿರುತ್ತಾರೆ. ಆದರೆ ಮುಗಿದದ್ದು ಮೊದಲ 3 ಲಕ್ಷಕ್ಕೆ. ಸೇರಿಸಿದ 2 ಲಕ್ಷಕ್ಕೆ ಎಣಿಕೆ 2025ರ ಜೂನಿನಿಂದ ಹೊಸದಾಗಿ ಶುರು, 2028ರ ಜೂನಿಗೆ ಮುಕ್ತಾಯ. ಹಾಗಾಗಿ ಈ ಕ್ಲೈಮಿಗೆ ಪಾಲಿಸಿ 3 ಲಕ್ಷದ್ದೇ. (ಕ್ಲೈಮ್ ಇಲ್ಲದ ವರ್ಷಕ್ಕೆ ಸೇರುವ ಬೋನಸ್ಸನ್ನು ಲೆಕ್ಕ ತಿಳಿಯಾಗಲೆಂದು ಬಿಟ್ಟಿದ್ದೇನೆ.)

ಇಲ್ಲಿ ಕೋ-ಪೇಮೆಂಟ್ ಮತ್ತೆ ಬರುತ್ತದೆ, ಈ ಸಲ ಶೇಕಡಾವಾರಿನ ಪ್ರಶ್ನೆಯಾಗಿ ಅಲ್ಲ, ಕಳೆಯುವ ಸರದಿಯ ಪ್ರಶ್ನೆಯಾಗಿ. ಒಪ್ಪಿದ 4,50,000ದಿಂದ ಮೊದಲು ಶೇಕಡಾ 5 ಕಳೆದರೆ 4,27,500 ಉಳಿಯುತ್ತದೆ. ಮಿತಿ 3 ಲಕ್ಷ, ಆದ್ದರಿಂದ ಪೂರ್ತಿ 3,00,000 ಸಿಗಬೇಕು. ಮೊದಲು 3 ಲಕ್ಷಕ್ಕೆ ಇಳಿಸಿ ಆಮೇಲೆ ಶೇಕಡಾ 5 ಕಳೆದರೆ 2,85,000 ಸಿಗುತ್ತದೆ. ವ್ಯತ್ಯಾಸ 15,000 ರೂಪಾಯಿ. ವ್ಯಾಖ್ಯೆಗಳ ಭಾಗ ಕೋ-ಪೇಮೆಂಟ್ ಒಪ್ಪಿದ ಮೊತ್ತದ ಪಾಲು, ಅದು ವಿಮಾ ಮೊತ್ತವನ್ನು ಕಡಿಮೆ ಮಾಡುವುದಿಲ್ಲ ಎನ್ನುತ್ತದೆ. ಇದು ಮೊದಲ ಲೆಕ್ಕದ ಕಡೆಗೆ ವಾಲುತ್ತದೆ. ಷರತ್ತಿನ ಭಾಗ ಒಪ್ಪಿದ ಹಾಗೂ ಷರತ್ತುಗಳ ಪ್ರಕಾರ ಕೊಡಬೇಕಾದ ಮೊತ್ತದ ಮೇಲೆ ಶೇಕಡಾ 5 ಎನ್ನುತ್ತದೆ. ಇದು ಎರಡನೆಯದರ ಕಡೆಗೆ. ಎರಡು ಸಾಲಿನ ಒಂದು ಲೆಕ್ಕವನ್ನು ಉದಾಹರಣೆಯಾಗಿ ಕೊಟ್ಟಿದ್ದರೆ ಸಂಶಯವೇ ಇರುತ್ತಿರಲಿಲ್ಲ. ಇಡೀ ದೇಶಕ್ಕೆ ಒಂದೇ ಮಾದರಿ ಬರೆದವರಿಂದ ನಾನು ಬಯಸುವುದು ಅಷ್ಟೇ.

ಅಂಕಣಕಾರರಿಗೆ ನ್ಯಾಯವಾಗಿ ಒಂದು ಮಾತು ಸಲ್ಲಬೇಕು. ಅರವತ್ತು ದಾಟಿದವರಿಗೆಂದೇ ಮಾರುವ ಹಲವು ಪಾಲಿಸಿಗಳಲ್ಲಿ ಕೋ-ಪೇಮೆಂಟ್ ಶೇಕಡಾ 20 ಇರುತ್ತದೆ. 5 ಲಕ್ಷದ ಕ್ಲೈಮಿಗೆ 1 ಲಕ್ಷ ಮನೆಯಿಂದ ಹೊಂದಿಸುವುದು ನಿವೃತ್ತರಿಗೆ ಕಷ್ಟ, ಅಲ್ಲಿ ಅವರ ಎಚ್ಚರಿಕೆ ಸರಿ. ಕೆಲವು ಪಾಲಿಸಿಗಳಲ್ಲಿ ಸಣ್ಣ ಊರಿನ ಕಡಿಮೆ ಪ್ರೀಮಿಯಂ ಕಟ್ಟಿ ಮಹಾನಗರದಲ್ಲಿ ಚಿಕಿತ್ಸೆ ಪಡೆದರೂ ಕೋ-ಪೇಮೆಂಟ್ ಬೀಳುತ್ತದೆ. ಆದರೆ ಶೇಕಡಾ 20ರ ಮೇಲಿನ ಸಿಟ್ಟನ್ನು ಶೇಕಡಾ 5ರ ಮೇಲೆ ತೀರಿಸಿಕೊಂಡು, ಅದಿಲ್ಲದ ಪಾಲಿಸಿಗೆ ಬದಲಾಗಿರೆಂದು ಹೇಳುವಾಗ ಅವರು ಮಾಡುವ ಹಾನಿ ಸಣ್ಣದಲ್ಲ. ಹಳೆಯದನ್ನು ಬಿಟ್ಟು ಹೊಸ ಪಾಲಿಸಿ ಕೊಂಡವರ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪೋರ್ಟಬಿಲಿಟಿ ಮೂಲಕ ಹೋದರೆ ಮಾತ್ರ ಕಾದ ತಿಂಗಳುಗಳು, ಅದೂ ಹಳೆಯ ವಿಮಾ ಮೊತ್ತದ ಮಟ್ಟಿಗೆ, ಜೊತೆಗೆ ಬರುತ್ತವೆ. ಐದು ಸಾವಿರ ಉಳಿಸಲು ಹೋಗಿ ಮೂರು ವರ್ಷ ಕಳೆದುಕೊಳ್ಳುವ ಸಲಹೆಯನ್ನು ಹಿತವಚನ ಎನ್ನಲಾಗದು.

ಕಾಯುವ ಅವಧಿಯೇ ಅನ್ಯಾಯ, ತೆಗೆದುಹಾಕಿ ಎನ್ನುವವರ ಜೊತೆಗೂ ನಾನಿಲ್ಲ. ಅದಿಲ್ಲದಿದ್ದರೆ ಸ್ಕ್ಯಾನ್ ವರದಿ ಬಂದ ಮೇಲೆ ಪಾಲಿಸಿ ಕೊಂಡು, ಆಪರೇಷನ್ ಮುಗಿಸಿ, ಬಿಟ್ಟುಬಿಡುತ್ತಾರೆ. ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿದವರು ಆ ಖರ್ಚು ಹೊರುತ್ತಾರೆ. ಷರತ್ತು ಬೇಕು. ಅದನ್ನು ಬರೆದ ರೀತಿ ಕೆಟ್ಟದು.

2024ರ ಜನವರಿ 1ರಿಂದ ಪ್ರತಿ ಪಾಲಿಸಿಯ ಜೊತೆ ಗ್ರಾಹಕ ಮಾಹಿತಿ ಹಾಳೆಯೊಂದನ್ನು ಹೊಸ ನಮೂನೆಯಲ್ಲಿ ಕೊಡಬೇಕೆಂಬ ನಿಯಮವಿದೆ. ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು. ಅದನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ಕೋ-ಪೇಮೆಂಟಿನ ಸಾಲನ್ನು ಒಮ್ಮೆ ನೋಡಿದರೆ ಸಾಕು. ಕಾಯುವ ಅವಧಿಯ ಸಾಲುಗಳ ಪಕ್ಕದಲ್ಲಿ ನಿಮ್ಮ ಪಾಲಿಸಿ ಶುರುವಾದ ತಾರೀಕು, ಮೊತ್ತ ಏರಿಸಿದ ತಾರೀಕು, ಪ್ರತಿ ಅವಧಿ ಮುಗಿಯುವ ತಾರೀಕನ್ನು ಬರೆದಿಡಿ. ಮೂರು ವರ್ಷದೊಳಗಿನ ಯಾವ ವರದಿಯನ್ನೂ ಅರ್ಜಿಯಲ್ಲಿ ಬಿಡಬೇಡಿ. ದಸ್ತಾವೇಜು ಕೈಗೆ ಬಂದ ಮೇಲೆ 30 ದಿನಗಳೊಳಗೆ ಪಾಲಿಸಿ ಬೇಡವೆಂದು ಹಿಂತಿರುಗಿಸುವ ಹಕ್ಕಿದೆ; ಓದುವ ಕೆಲಸ ಆ ದಿನಗಳೊಳಗೆ ಮುಗಿಯಲಿ.