ಫುಟೇಜ್ ಯಾರದು? ಒಂದು ಪುಟದ ಕರಾರಿನ ಪರೀಕ್ಷೆ

ಸಣ್ಣ ಬಜೆಟ್ಟಿನ ಸಿನಿಮಾ, ಕಿರುಚಿತ್ರ, ಸಾಕ್ಷ್ಯಚಿತ್ರಗಳ ಯೂನಿಟ್ಟುಗಳಲ್ಲಿ ಓಡಾಡುವ ಡೀಲ್ ಮೆಮೊ ಒಂದು ಅಥವಾ ಎರಡು ಪುಟದ ಕರಾರು. ಯಾರು ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ, ಸಂಭಾವನೆ ಎಷ್ಟು, ಬಾಟಾ ಎಷ್ಟು, ಕ್ಯಾಮೆರಾ ಅವರದೇ ಆದರೆ ಅದರ ಬಾಡಿಗೆ ಬೇರೆಯೋ ಸೇರಿಯೋ, ಟೈಟಲ್ ಕಾರ್ಡಿನಲ್ಲಿ ಹೆಸರು ಹೇಗೆ, ಚಿತ್ರಿಸಿದ ಫುಟೇಜ್ ಯಾರ ಸೊತ್ತು ಎಂಬಿಷ್ಟನ್ನು ಅದು ಹೇಳಬೇಕು. ಹಣದ ಭಾಗವನ್ನು ಜನ ಚೆನ್ನಾಗಿಯೇ ಬರೆಯುತ್ತಾರೆ, ಏಕೆಂದರೆ ಅದರ ಚೌಕಾಸಿ ಮುಖಾಮುಖಿ ನಡೆದಿರುತ್ತದೆ. ಹೆಸರಿನ ಭಾಗ ಅರ್ಧಂಬರ್ಧ ಇರುತ್ತದೆ. ಫುಟೇಜಿನ ಭಾಗವನ್ನು ಮಾತ್ರ ಅಮೆರಿಕದ ಯಾವುದೋ ನಮೂನೆಯಿಂದ ಎತ್ತಿ ಅಂಟಿಸಿರುತ್ತಾರೆ. ಆದರೆ ಸಿನಿಮಾ ಅರ್ಧಕ್ಕೆ ನಿಲ್ಲುವಂಥ ಜಗಳ ಹುಟ್ಟುವುದು ಈ ಮೂರನೆಯ ಭಾಗದಲ್ಲಿ. ಡೀಲ್ ಮೆಮೊಗಳ ಮೇಲೆ ನನ್ನ ಮುಖ್ಯ ದೂರು ಇದೇ: ಹೆಚ್ಚು ಯೋಚನೆ ಬೇಡುವ ಸಾಲಿಗೆ ಅವು ಅತಿ ಕಡಿಮೆ ಯೋಚನೆ ಕೊಡುತ್ತವೆ.

ಇದಕ್ಕೆ ನ್ಯಾಯಾಲಯದ ದಾಖಲೆಯಲ್ಲೇ ಸ್ಪಷ್ಟವಾದ ಪುರಾವೆಯಿದೆ. ನ್ಯೂಯಾರ್ಕಿನಲ್ಲಿ 16 ಕಾಸಾ ಡ್ಯೂಸ್ ಎಂಬ ನಿರ್ಮಾಣ ಸಂಸ್ಥೆ 2010ರಲ್ಲಿ ಒಂದು ಕಿರುಚಿತ್ರದ ಚಿತ್ರಕಥೆಯ ಹಕ್ಕು ಕೊಂಡಿತು. ನಿರ್ದೇಶನಕ್ಕೆ 1,500 ಡಾಲರ್ ಎಂದು ಮರ್ಕಿನ್ ಎಂಬವರೊಂದಿಗೆ ಮಾತಾಯಿತು. ನಟರೂ ತಂತ್ರಜ್ಞರೂ ಹಕ್ಕು ಬಿಟ್ಟುಕೊಡುವ ಕರಾರಿಗೆ ಸಹಿ ಹಾಕಿದರು. ನಿರ್ದೇಶಕರು ಮಾತ್ರ ಹಾಕಲಿಲ್ಲ. ಕರಡು ಮಿಂಚಂಚೆಯಲ್ಲಿ ಹೋಗಿಬಂದು ಮಾಡುತ್ತಲೇ ಇತ್ತು. 2011ರ ಮೇ ತಿಂಗಳಲ್ಲಿ ಮೂರು ದಿನ ಚಿತ್ರೀಕರಣ ಮುಗಿದೇ ಹೋಯಿತು. ಸಂಕಲನಕ್ಕೆಂದು ಫುಟೇಜಿನ ಹಾರ್ಡ್ ಡ್ರೈವ್ ನಿರ್ದೇಶಕರ ಕೈಗೆ ಹೋದ ಮೇಲೆ ಸಂಬಂಧ ಕೆಟ್ಟಿತು. ಅವರು ಕಚ್ಚಾ ಫುಟೇಜಿನ ಹಕ್ಕುಸ್ವಾಮ್ಯವನ್ನು ತಮ್ಮ ಹೆಸರಿಗೆ ನೋಂದಾಯಿಸಿದರು. ಅಕ್ಟೋಬರಿನಲ್ಲಿ ನಡೆಯಬೇಕಿದ್ದ ಪ್ರದರ್ಶನ ಅವರ ಎಚ್ಚರಿಕೆಯಿಂದ ರದ್ದಾಯಿತು, ಚಿತ್ರೋತ್ಸವಗಳ ಗಡುವುಗಳು ತಪ್ಪಿದವು. ಮೇಲ್ಮನವಿ ನ್ಯಾಯಾಲಯ ನಿರ್ಮಾಣ ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟದ್ದು 2015ರ ಜೂನ್‌ನಲ್ಲಿ. ಗೆದ್ದವರ ಕೈಗೆ ಬಂದದ್ದು ನಾಲ್ಕು ವರ್ಷ ಹಳೆಯದಾದ ಕಿರುಚಿತ್ರ.

ಈ ತೀರ್ಪಿನಲ್ಲಿ ನನಗೆ ಅತಿ ಮುಖ್ಯವೆನಿಸುವುದು ಗೆಲುವಿನ ದಾರಿ. ನಿರ್ದೇಶಕರ ಸಹಿ ಇಲ್ಲದ್ದರಿಂದ ಅವರ ಕೆಲಸವನ್ನು ಸಂಸ್ಥೆಗಾಗಿ ಮಾಡಿಕೊಟ್ಟದ್ದೆಂದು ಎಣಿಸಲು ಅಲ್ಲಿನ ಕಾನೂನು ಬಿಡಲಿಲ್ಲ. ಹಾಗಾಗಿ ಚಿತ್ರವನ್ನು ನಿಜವಾಗಿ ನಡೆಸಿದವರು ಯಾರು ಎಂದು ನ್ಯಾಯಾಲಯ ಹುಡುಕಬೇಕಾಯಿತು. ಯೋಜನೆ ಶುರುಮಾಡಿದವರು, ನಟರನ್ನೂ ತಂಡವನ್ನೂ ಆರಿಸಿದವರು, ಹೊರಗಿನವರೊಂದಿಗಿನ ಕರಾರುಗಳೆಲ್ಲಕ್ಕೂ ಸಹಿ ಹಾಕಿದವರು ನಿರ್ಮಾಣ ಸಂಸ್ಥೆಯವರೇ ಎಂಬುದು ತಕ್ಕಡಿಯನ್ನು ಅವರ ಕಡೆ ವಾಲಿಸಿತು. ಅಂದರೆ ಇಲ್ಲದ ಒಂದು ಕಾಗದದ ಜಾಗವನ್ನು ಇದ್ದ ಉಳಿದ ಕಾಗದಗಳು ತುಂಬಿದವು. ಯಾರೂ ಏನಕ್ಕೂ ಸಹಿ ಹಾಕದ ತಂಡವೊಂದು ಅದೇ ಜಗಳಕ್ಕೆ ಬಿದ್ದಿದ್ದರೆ ನ್ಯಾಯಾಧೀಶರ ಮುಂದಿಡಲು ಬಾಯಿಮಾತು ಬಿಟ್ಟು ಹೆಚ್ಚೇನೂ ಇರುತ್ತಿರಲಿಲ್ಲ.

ನಮ್ಮಲ್ಲಿ ಇಂಥ ತೊಡಕಿಲ್ಲ, ಕಾನೂನೇ ನಿರ್ಮಾಪಕರ ಕಡೆಗಿದೆ ಎಂಬ ವಾದ ಸಾಮಾನ್ಯ. ಅದು ಬಹುಪಾಲು ಸರಿ. 1957ರ ಹಕ್ಕುಸ್ವಾಮ್ಯ ಕಾಯ್ದೆ ಚಲನಚಿತ್ರದ ಕರ್ತೃ ಎಂದು ಕರೆಯುವುದು ನಿರ್ಮಾಪಕರನ್ನು. ನಿರ್ಮಾಪಕ ಎಂದರೆ ಚಿತ್ರ ಮಾಡುವ ಉಪಕ್ರಮವನ್ನೂ ಹೊಣೆಯನ್ನೂ ಹೊತ್ತವರು. 17ನೇ ಸೆಕ್ಷನ್ ಪ್ರಕಾರ ಪ್ರತಿಫಲ ಕೊಟ್ಟು ಮಾಡಿಸಿದ ಚಲನಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರೇ ಮೊದಲ ಮಾಲೀಕರು. ಆದರೆ ‘ಪ್ರತಿಫಲ ಕೊಟ್ಟು’ ಎಂಬ ಷರತ್ತನ್ನು ಗಮನಿಸಬೇಕು. ಗೆಳೆಯರು ಸೇರಿ ಮಾಡುವ ಕಿರುಚಿತ್ರವನ್ನು ತೆಗೆದುಕೊಳ್ಳಿ: ಛಾಯಾಗ್ರಾಹಕಿ ಸಂಭಾವನೆ ಇಲ್ಲದೆ ತನ್ನ ಕ್ಯಾಮೆರಾ ತಂದಿದ್ದಾಳೆ, ಕಾರ್ಡುಗಳೂ ಡ್ರೈವೂ ಅವಳವೇ, ಊಟದ ಖರ್ಚನ್ನೂ ಹಂಚಿಕೊಂಡಿದ್ದಾಳೆ. ಇಲ್ಲಿ ಪ್ರತಿಫಲ ಎಲ್ಲಿದೆ? ಉಪಕ್ರಮವೂ ಹೊಣೆಯೂ ಒಬ್ಬರದೇ ಎಂದು ಹೇಗೆ ತೋರಿಸುವುದು? ಕಾನೂನಿನ ಆಸರೆ ಗಟ್ಟಿಯಾಗಿರುವುದು ಹಣವಿದ್ದ ಚಿತ್ರಕ್ಕೆ. ಸಂಬಳವಿಲ್ಲದ ಚಿತ್ರಕ್ಕೆ ಕಾಗದ ಬೇಡ ಎಂಬ ರೂಢಿ ಹಾಗಾಗಿ ಪೂರ್ತಿ ತಲೆಕೆಳಗು.

ಅಂಥ ಕಾಗದದಲ್ಲಿ ಅಮೆರಿಕದ ಮಾತುಗಳನ್ನು ನಕಲು ಮಾಡಿದರೂ ಸಾಲದು. ನಮ್ಮ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿಯಾಗಿರಬೇಕು, ಯಾವ ಕೃತಿ, ಯಾವ ಹಕ್ಕು ಎಂದು ಹೇಳಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಭಾವಿಸಲಾಗುತ್ತದೆ. ‘ಎಲ್ಲ ಹಕ್ಕುಗಳೂ ನಿರ್ಮಾಪಕರವು’ ಎಂಬ ಒಂದೇ ಸಾಲನ್ನು ನಂಬಿ ಆರನೇ ವರ್ಷದಲ್ಲಿ ವಿದೇಶಿ ವಾಹಿನಿಗೆ ಚಿತ್ರ ಮಾರಲು ಹೋದವರು ಈ ಎರಡು ಬೇಲಿಗಳಿಗೂ ಮುಗ್ಗರಿಸಬಹುದು. ಹಕ್ಕಿನ ಜೊತೆಗೆ ವಸ್ತುವಿನ ಮಾತೂ ಬೇರೆಯಾಗಿ ಬರಬೇಕು: ಡ್ರೈವ್ ಯಾರ ಬಳಿ, ಎರಡನೇ ಪ್ರತಿ ಎಲ್ಲಿ, ಯಾವ ದಿನದ ನಂತರ ಅಳಿಸಬಹುದು, ಚಿತ್ರದಲ್ಲಿ ಬಳಸದೆ ಉಳಿದ ಫುಟೇಜನ್ನು ಮತ್ತೊಂದು ಚಿತ್ರಕ್ಕೆ ಬಳಸಬಹುದೇ, ಛಾಯಾಗ್ರಾಹಕಿ ತನ್ನ ಕೆಲಸ ತೋರಿಸಲು ಎರಡು ನಿಮಿಷದ ತುಣುಕು ಇಟ್ಟುಕೊಳ್ಳಬಹುದೇ. ಬಳಸದ ಫುಟೇಜಿನ ಮಾತು ಸಾಕ್ಷ್ಯಚಿತ್ರಕ್ಕೆ ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಚಿತ್ರಿಸಿದ್ದರಲ್ಲಿ ಬಹುಪಾಲು ಹೊರಗೇ ಉಳಿಯುತ್ತದೆ.

ಕೆಲಸಗಾರರ ಕಡೆಯಿಂದ ನೋಡಿದರೆ ಫುಟೇಜಿನ ಸಾಲನ್ನು ಹಣದ ಸಾಲಿಗೆ ಗಂಟು ಹಾಕುವುದೊಂದೇ ನಿಜವಾದ ರಕ್ಷಣೆ. ‘ಬಾಕಿ ಸಂಭಾವನೆ ಬಿಡುಗಡೆಯ ನಂತರ’ ಎಂದು ಬರೆದ ಕರಾರು, ಚಿತ್ರ ಬಿಡುಗಡೆಯೇ ಆಗದಿದ್ದರೆ ಏನೆಂದು ಹೇಳುವುದಿಲ್ಲ. ‘ಬಿಡುಗಡೆ ಅಥವಾ ಇಂಥ ತಾರೀಖು, ಯಾವುದು ಮೊದಲೋ ಆಗ’ ಎಂದು ತಿದ್ದಿದರೆ ಆ ಬಾಗಿಲು ಮುಚ್ಚುತ್ತದೆ. ಇದಕ್ಕೂ ಮುಂದೆ ಹೋಗಿ, ಪೂರ್ತಿ ಹಣ ಸಂದ ದಿನ ಹಕ್ಕು ಪೂರ್ತಿ ವರ್ಗವಾಗುತ್ತದೆ, ಅಲ್ಲಿಯವರೆಗೆ ಸಂಕಲನಕ್ಕೂ ಚಿತ್ರೋತ್ಸವಗಳಿಗೂ ಮಾತ್ರ ಅನುಮತಿ ಎಂದು ಬರೆಯಬಹುದು. 17ನೇ ಸೆಕ್ಷನ್ ಬೇರೆ ಒಪ್ಪಂದಕ್ಕೆ ಅವಕಾಶ ಕೊಟ್ಟೇ ಇದೆ. ಒಬ್ಬ ಧ್ವನಿಗ್ರಾಹಕನ ಹತ್ತು ಸಾವಿರದ ತಕರಾರಿಗೆ ಇಡೀ ಚಿತ್ರ ಒತ್ತೆಯಾಗುತ್ತದೆ ಎಂಬ ನಿರ್ಮಾಪಕರ ಆಕ್ಷೇಪಣೆಯನ್ನು ನಾನು ತಳ್ಳಿಹಾಕಲಾರೆ. ಹೊರಗಿನವರ ಹಣ ತೊಡಗಿರುವ ಪೂರ್ಣಾವಧಿ ಚಿತ್ರದಲ್ಲಿ ಹಕ್ಕನ್ನು ಮೊದಲೇ ಪಡೆದು, ಪಾವತಿಗೆ ಖಚಿತ ದಿನ ಮತ್ತು ತಡವಾದರೆ ಬಡ್ಡಿ ಬರೆಯುವುದೇ ನ್ಯಾಯ. ನಾಲ್ಕೈದು ಜನರ ಚಿತ್ರದಲ್ಲಿ ಮಾತ್ರ ಹಕ್ಕಿನ ಗಂಟು ಇರಲಿ, ಏಕೆಂದರೆ ಅಲ್ಲಿ ಕೆಲಸಗಾರರ ಕೈಯಲ್ಲಿ ಬೇರೆ ಯಾವ ಹಿಡಿತವೂ ಇಲ್ಲ.

ಹೆಸರಿನ ವಿಷಯ ಚಿಕ್ಕದಾಗಿ ಕಂಡರೂ ಕರಾರಿನ ಮೇಲೆ ಅದರ ಅವಲಂಬನೆ ಎಲ್ಲಕ್ಕಿಂತ ಹೆಚ್ಚು. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಸೆಕ್ಷನ್ ಕರ್ತೃವಿಗೆ ಕೊಡುತ್ತದೆ. ಚಿತ್ರದ ಕರ್ತೃ ನಿರ್ಮಾಪಕರಾದ್ದರಿಂದ ಛಾಯಾಗ್ರಾಹಕರು, ಸಂಕಲನಕಾರರು ಅದನ್ನು ನೆಚ್ಚುವಂತಿಲ್ಲ. ಅವರ ಪಾಲಿಗೆ ಬರೆದದ್ದಷ್ಟೇ ಇದೆ. ಹೆಸರಿನ ಅಕ್ಷರ, ಆರಂಭದಲ್ಲೋ ಕೊನೆಯಲ್ಲೋ, ಒಂಟಿ ಕಾರ್ಡೋ ಹಂಚಿಕೊಂಡದ್ದೋ, ಪೋಸ್ಟರಿನಲ್ಲಿ ಇದೆಯೋ, ಅರ್ಧದಲ್ಲಿ ಬೇರೊಬ್ಬರು ಬಂದರೆ ಹಂಚಿಕೆ ಹೇಗೆ ಎಂಬುದೆಲ್ಲ ಸ್ಪಷ್ಟವಾಗಬೇಕು. ತಪ್ಪಾದರೆ ಮುಂದಿನ ಪ್ರತಿಗಳಲ್ಲಿ ಇಷ್ಟು ದಿನದೊಳಗೆ ತಿದ್ದುವ ಹೊಣೆಯೂ ಅಲ್ಲಿರಲಿ.

ನಂಬಿಕೆಯಿಂದ ನಡೆಯುವ ತಂಡಕ್ಕೆ ಕಾಗದ ತಂದರೆ ಅವಮಾನ ಎಂಬ ಮಾತನ್ನು ಗೌರವದಿಂದಲೇ ಕೇಳಬೇಕು, ಆದರೆ ಒಪ್ಪಬೇಕಿಲ್ಲ. ಕಥಾಚಿತ್ರದ ಕೆಲಸಗಾರರಿಗೆ ಲಿಖಿತ ಕರಾರು ಬೇಕೆಂದು ನಮ್ಮ ಸಂಸತ್ತು 1981ರ ಕಾಯ್ದೆಯಲ್ಲೇ ಹೇಳಿತ್ತು. ಅದನ್ನು ಯಾರೂ ಅವಮಾನವೆಂದು ತಿಳಿಯಬೇಕಾಗಿರಲಿಲ್ಲ. ಕೋರ್ಟಿಗೆ ಹೋಗುವ ಶಕ್ತಿಯಿಲ್ಲದವರಿಗೆ ಕರಾರಿನಿಂದ ಏನು ಲಾಭ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಕರಾರಿನ ಹೆಚ್ಚಿನ ಕೆಲಸ ನಡೆಯುವುದು ಕೋರ್ಟಿನ ಹೊರಗೆ. ಚಿತ್ರ ಕೊಳ್ಳಲು ಬಂದ ವಾಹಿನಿ ಹಕ್ಕಿನ ಕಾಗದ ಕೇಳುವ ದಿನ, ಸಹಿ ಹಾಕಬೇಕಾದ ಕೆಲಸಗಾರನಿಗೆ ಬಾಕಿ ಕೇಳಲು ಬಾಯಿ ಬರುತ್ತದೆ, ನಿರ್ಮಾಪಕನಿಗೂ ಕೊಡಲು ಕಾರಣ ಸಿಗುತ್ತದೆ. ಆ ದಿನದವರೆಗೆ ಕಾಯದೆ, ಮೊದಲ ಶಾಟಿನ ಮುಂಚೆಯೇ ಎಲ್ಲರ ಸಹಿ ಬೀಳಬೇಕು, ಅದರಲ್ಲೂ ನಿರ್ದೇಶಕರದು ಮೊದಲು.