ನಾಲ್ಕು ಹೆಜ್ಜೆ ಹಿಂದೆ ಸರಿದರೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ ಎರಡು ತಿಂಗಳು ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ. ಮಳೆ ಹೊಳವಾದ ಒಂದು ಬೆಳಿಗ್ಗೆ ಅಲ್ಲೊಬ್ಬ ಹಿರಿಯ ಮೀನುಗಾರರ ಸಂದರ್ಶನಕ್ಕೆ ಕ್ಯಾಮೆರಾ ಇಟ್ಟಿದ್ದೆ. ಮುಖ ಚೆನ್ನಾಗಿ ಕಾಣಲಿ, ಬೋಟುಗಳೂ ಬರಲಿ ಎಂದು 24 ಎಂಎಂ ಲೆನ್ಸ್ ಹಾಕಿ ಅವರ ಹತ್ತಿರವೇ ನಿಂತೆ. ಮುಗಿದ ಮೇಲೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ನನ್ ಮೂಗ್ ಇಷ್ಟ್ ದೊಡ್ಡ ಇತ್ತಾ ಮಾರಾಯ್ರೆ?"

ಇರಲಿಲ್ಲ. ಅವರ ಮೂಗನ್ನು ದೊಡ್ಡದು ಮಾಡಿದ್ದು ನಾನು. ಬೋಟುಗಳೂ ಹಿಂದೆಲ್ಲೋ ಆಟಿಕೆಗಳಂತೆ ಚಿಕ್ಕದಾಗಿ ಕೂತಿದ್ದವು. ಎರಡೂ ತಪ್ಪಿನ ಮೂಲ ಒಂದೇ, ಮತ್ತು ಅದು ಲೆನ್ಸಿನಲ್ಲಿಲ್ಲ.

"ವೈಡ್ ಲೆನ್ಸ್ ಮುಖ ಕೆಡಿಸುತ್ತದೆ, ಟೆಲಿ ಲೆನ್ಸ್ ಹಿನ್ನೆಲೆಯನ್ನು ಹತ್ತಿರ ಎಳೆಯುತ್ತದೆ" ಎಂದು ನಾವೆಲ್ಲ ಹೇಳುತ್ತೇವೆ. ವಾಸ್ತವದಲ್ಲಿ ಮುಂದಿನದು ಎಷ್ಟು ದೊಡ್ಡದು, ಹಿಂದಿನದು ಎಷ್ಟು ಚಿಕ್ಕದು ಎಂಬುದನ್ನು ತೀರ್ಮಾನಿಸುವುದು ನಾವು ನಿಂತ ಜಾಗ. ಲೆನ್ಸ್ ಮಾಡುವುದು ಅಲ್ಲಿಂದ ಕಾಣುವ ನೋಟದಲ್ಲಿ ಎಷ್ಟನ್ನು ಕತ್ತರಿಸಿಕೊಳ್ಳಬೇಕು ಎಂಬುದನ್ನಷ್ಟೇ. ನಂಬಿಕೆ ಬರದಿದ್ದರೆ ಒಂದೇ ಜಾಗದಲ್ಲಿ ನಿಂತು 24ರಲ್ಲಿ ಒಂದು, 85ರಲ್ಲಿ ಒಂದು ಚಿತ್ರ ತೆಗೆಯಿರಿ. 24ರ ಚಿತ್ರದ ನಡುವಿನ ಭಾಗವನ್ನು ಕತ್ತರಿಸಿ 85ರದ್ದರ ಪಕ್ಕ ಇಡಿ. ಮೂಗು, ಕಿವಿ, ಹಿಂದಿನ ಬೋಟು ಎಲ್ಲದರ ಪ್ರಮಾಣ ಒಂದೇ ಇರುತ್ತದೆ. ಆದರೆ ಮುಖವನ್ನು ಫ್ರೇಮಿನಲ್ಲಿ ಅದೇ ಗಾತ್ರಕ್ಕೆ ತರಬೇಕಾದರೆ 24 ಎಂಎಂ ನಮ್ಮನ್ನು ಹತ್ತಿರ ಕರೆಯುತ್ತದೆ, 85 ಹಿಂದೆ ತಳ್ಳುತ್ತದೆ. ಫೋಕಲ್ ಲೆಂತ್‌ನ ಪ್ರಭಾವವೆಲ್ಲ ನಮ್ಮ ಕಾಲಿನ ಮೂಲಕವೇ ಬರುವುದು.

ಗಂಗೊಳ್ಳಿಯ ಆ ದಿನದ ಲೆಕ್ಕವನ್ನೇ ನೋಡೋಣ. ಫುಲ್ ಫ್ರೇಮ್ ಕ್ಯಾಮೆರಾ, ಎದೆಯಿಂದ ಮೇಲಿನ ಭಾಗ, ಅವರು ಕೂತಲ್ಲಿ ಫ್ರೇಮಿನ ಅಗಲ 1.2 ಮೀಟರ್ ಎಂದಿಟ್ಟುಕೊಳ್ಳಿ. 24 ಎಂಎಂನಲ್ಲಿ ಇದು ಸಿಗಬೇಕಾದರೆ ನಾನು ಅವರಿಂದ 80 ಸೆಂಟಿಮೀಟರ್ ದೂರದಲ್ಲಿರಬೇಕು. 85ಕ್ಕೆ ಸುಮಾರು 2.8 ಮೀಟರ್, 135ಕ್ಕೆ ನಾಲ್ಕೂವರೆ ಮೀಟರ್. ಬೋಟುಗಳು ಅವರ ಬೆನ್ನಿನಿಂದ 20 ಮೀಟರ್ ಹಿಂದಿದ್ದವು. 24ರಲ್ಲಿ ಆ ದೂರದಲ್ಲಿ ಫ್ರೇಮಿಗೆ ಸಿಗುವ ಅಗಲ ಸುಮಾರು 31 ಮೀಟರ್. ಬೋಟುಗಳು, ದಕ್ಕೆ, ಬಲೆಯ ರಾಶಿ, ಆಚೆ ನಿಂತ ಟೆಂಪೊ, ಎಲ್ಲವೂ ಚಿಕ್ಕಚಿಕ್ಕದಾಗಿ ಒಳಗೆ ಬಂದವು. 85ರಲ್ಲಾದರೆ ಹಿಂದೆ ಸಿಗುವುದು ಹತ್ತು ಮೀಟರಿಗಿಂತ ಕಡಿಮೆ, 135ರಲ್ಲಿ ಆರೂವರೆ ಮೀಟರ್. ಅಂದರೆ ಮುಖ ಅಷ್ಟೇ ಇದ್ದು ಬೋಟು 85ರಲ್ಲಿ ಮೂರು ಪಟ್ಟಿಗಿಂತ ತುಸು ಹೆಚ್ಚು, 135ರಲ್ಲಿ ಸುಮಾರು ಐದು ಪಟ್ಟು ಬೆಳೆಯುತ್ತದೆ. ಅವರ ಹೆಗಲ ಹಿಂದೆ ಒಂದೇ ಒಂದು ಬೋಟಿನ ಕ್ಯಾಬಿನ್, ಅದರ ಬಣ್ಣ, ಅಷ್ಟೇ ಉಳಿಯುತ್ತದೆ. ಮನುಷ್ಯನಿಗೂ ಬೋಟಿಗೂ ಸಂಬಂಧ ಕಾಣುವುದು ಆಗಲೇ.

ಮುಖದ ಲೆಕ್ಕವೂ ಇದೇ ಬಗೆಯದು. ಮೂಗಿನ ತುದಿಗೂ ಕಿವಿಗೂ ನಡುವೆ ಹೆಚ್ಚುಕಡಿಮೆ ಹನ್ನೆರಡು–ಹದಿಮೂರು ಸೆಂಟಿಮೀಟರ್ ಅಂತರ. 80 ಸೆಂಟಿಮೀಟರ್ ದೂರದಿಂದ ನೋಡಿದಾಗ ಮೂಗು ಕಿವಿಗಿಂತ ಶೇ. 17ರಷ್ಟು ಹಿಗ್ಗಿ ಕಾಣುತ್ತದೆ. 2.8 ಮೀಟರಿನಿಂದ ಈ ಹಿಗ್ಗು ಶೇ. 5ಕ್ಕೂ ಕಡಿಮೆ. ಫೋಟೊ ನೋಡಿ ಮೂಗಿನ ಮೇಲೆ ಸಂಶಯ ಬಂದರೆ ಕಿವಿ ನೋಡಿ. ಕಿವಿಗಳು ಕೆನ್ನೆಯ ಹಿಂದೆ ಅಡಗಿದ್ದರೆ ಕ್ಯಾಮೆರಾ ತೀರ ಹತ್ತಿರವಿತ್ತು ಎಂದರ್ಥ.

ಬಡಗುತಿಟ್ಟಿನ ವೇಷಗಳಲ್ಲಿ ಈ ನಷ್ಟ ಎದ್ದು ಕಾಣುತ್ತದೆ. ಬ್ರಹ್ಮಾವರ, ಮಂದಾರ್ತಿ ಕಡೆ ಆಟ ಇರುವ ರಾತ್ರಿ ಚೌಕಿಗೆ ನುಗ್ಗಿ, ಕಲಾವಿದರ ಎದುರೇ ಕುಕ್ಕರುಗಾಲಲ್ಲಿ ಕೂತು ಮೊಬೈಲ್ ಹಿಡಿಯುವವರನ್ನು ನೋಡಿದ್ದೇನೆ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24–26 ಎಂಎಂಗೆ ಸಮ. ಹಣೆಗಿಂತ ಹಿಂದಿರುವ ಮುಂಡಾಸು ಅಷ್ಟು ಹತ್ತಿರದಿಂದ ಕುಗ್ಗುತ್ತದೆ, ಮೂಗು ಮತ್ತು ಗಲ್ಲ ಉಬ್ಬುತ್ತವೆ. ಗಂಟೆಗಟ್ಟಲೆ ಕೂತು ಕಟ್ಟಿಕೊಂಡ ಕರ್ಣನ ಗಾಂಭೀರ್ಯ ಅಲ್ಲೇ ಅರ್ಧ ಹೋಗುತ್ತದೆ. ಮೊಬೈಲಿನಲ್ಲೇ ತೆಗೆಯಬೇಕೆಂದರೂ ಎರಡೂವರೆ ಮೀಟರ್ ದೂರ ನಿಂತು ಆಮೇಲೆ ಕತ್ತರಿಸಿಕೊಳ್ಳಿ. ವಿವರ ಸ್ವಲ್ಪ ಕಡಿಮೆಯಾದೀತು, ವೇಷದ ಅಳತೆ ಕೆಡುವುದಿಲ್ಲ.

ಹಾಗೆಂದು ಚೌಕಿಯಲ್ಲಿ ಯಾವಾಗಲೂ 85 ಬೇಕು ಎಂದು ನಾನು ಹೇಳಲಾರೆ. ಹಿಂದೆ ಸರಿಯಲು ಅಲ್ಲಿ ಜಾಗವಿರುವುದಿಲ್ಲ, ಸರಿದರೆ ಇನ್ನೊಬ್ಬರ ಆಭರಣದ ಮೇಲೆ ಕಾಲಿಟ್ಟೇವು. ಕಲಾವಿದರು ಕೈಗನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುವ ಚಿತ್ರ ಬೇಕಿದ್ದರೆ 35 ಎಂಎಂನಲ್ಲಿ ಒಂದು ಮೀಟರಿನ ಆಚೆ ಈಚೆಯೇ ಸರಿ. ಅಲ್ಲಿ ಕೈ, ಕನ್ನಡಿ, ಪೆಟ್ಟಿಗೆ ಇವು ಮುಖದಷ್ಟೇ ಮುಖ್ಯ, ಅವು ದೊಡ್ಡದಾಗಿಯೇ ಬರಲಿ. ವೇಷ ಪೂರ್ತಿಯಾದ ಮೇಲಿನ ಭಾವಚಿತ್ರಕ್ಕೆ ಮಾತ್ರ ಚೌಕಿಯ ಬಾಗಿಲಿಗೆ ಹೋಗಿ ನಿಲ್ಲಬೇಕು. ಸಂದರ್ಶನದಲ್ಲಿ ಇನ್ನೊಂದು ತೊಡಕಿದೆ. 135 ಹಾಕಿ ದೂರ ಹೋದರೆ ಪ್ರಶ್ನೆ ಕೇಳಲು ಕೂಗಬೇಕಾಗುತ್ತದೆ, ಉತ್ತರ ಕೊಡುವವರೂ ಭಾಷಣದ ದನಿಗೆ ಇಳಿಯುತ್ತಾರೆ. ಪ್ರಶ್ನೆ ಕೇಳುವವರು ಅವರ ಹತ್ತಿರವೇ ಕೂರಲಿ, ಕ್ಯಾಮೆರಾ ಮಾತ್ರ ಹಿಂದೆ ಇರಲಿ, ಮೈಕು ಅಂಗಿಗೆ ಸಿಕ್ಕಿಸಿರಲಿ.

ಹಿನ್ನೆಲೆ ಮಸುಕಾಗುವುದನ್ನೂ ಹತ್ತಿರವಾಗುವುದನ್ನೂ ಒಂದೇ ಎಂದು ತಿಳಿಯುವವರು ಬಹಳ. ಮಸುಕು ಅಪರ್ಚರಿನಿಂದ ಹೆಚ್ಚುಕಡಿಮೆಯಾಗುತ್ತದೆ. ಎಫ್ 2 ಇರಲಿ, ಎಫ್ 11 ಇರಲಿ, ನಾವು ಅಲುಗದಿದ್ದರೆ ಬೋಟಿನ ಗಾತ್ರ ಅಲುಗುವುದಿಲ್ಲ.

ಈ ಲೆಕ್ಕದ ಕೊನೆಯ ಪಾಠ ನನಗೆ ಸಿಕ್ಕಿದ್ದು ಬೈಂದೂರು ತಾಲೂಕಿನ ಮರವಂತೆಯಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಹೊಳೆಯಾಚೆ, ನೇರ ರೇಖೆಯಲ್ಲಿ ಸುಮಾರು 30 ಕಿಲೋಮೀಟರ್ ದೂರದಲ್ಲಿ, 1,343 ಮೀಟರ್ ಎತ್ತರದ ಕೊಡಚಾದ್ರಿ. ಇಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬೆಟ್ಟಕ್ಕೆ ಏನೂ ಆಗುವುದಿಲ್ಲ, 30 ಕಿಲೋಮೀಟರಿನ ಎದುರು ನಾಲ್ಕು ಮೀಟರ್ ಲೆಕ್ಕಕ್ಕಿಲ್ಲ. ಹಾಗಾಗಿ ಬೆಟ್ಟದ ಗಾತ್ರ ಪೂರ್ತಿ ಲೆನ್ಸಿನ ಕೈಯಲ್ಲಿ, ಮನುಷ್ಯನ ಗಾತ್ರ ಮಾತ್ರ ನಮ್ಮ ಕಾಲಿನಲ್ಲಿ. 24ರಲ್ಲಿ ಕೊಡಚಾದ್ರಿ ವಿಡಿಯೊ ಫ್ರೇಮಿನ ಎತ್ತರದ ಇಪ್ಪತ್ತರಲ್ಲಿ ಒಂದು ಪಾಲು, ಕೂತವರ ಭುಜದ ಹಿಂದೆ ಒಂದು ಗೆರೆ. 135ರಲ್ಲಿ ಅದೇ ಬೆಟ್ಟ ಕಾಲು ಭಾಗವನ್ನೂ ಮೀರಿ ಏಳುತ್ತದೆ. ಬೆಳಿಗ್ಗೆ ಸೂರ್ಯ ಬೆಟ್ಟದ ಹಿಂದಿರುತ್ತಾನೆ. ಸಂಜೆ ನಾಲ್ಕೂವರೆಯ ಮೇಲೆ ಕಡಲ ಕಡೆಯ ಬೆಳಕು ಮುಖಕ್ಕೂ ಬೆಟ್ಟಕ್ಕೂ ಒಟ್ಟಿಗೆ ಬೀಳುತ್ತದೆ. ಮಳೆಗಾಲ ಮುಗಿದು ಗಾಳಿ ತಿಳಿಯಾದ ದಿನಗಳಲ್ಲಷ್ಟೇ ಅದು ಸ್ಪಷ್ಟ ಕಾಣುವುದು.

ಈ ಚಿತ್ರಕ್ಕೆ 200 ಎಂಎಂ ಹಾಕಲು ಯಾರಿಗಾದರೂ ಆಸೆಯಾದೀತು. ಅದಕ್ಕೆ ಸುಮಾರು ಆರೂ ಮುಕ್ಕಾಲು ಮೀಟರ್ ಹಿಂದೆ ಹೋಗಬೇಕು, ಹೊಳೆಯ ದಡದಿಂದ ಹಾಗೆ ಹೋಗುವ ಹಾದಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಇದೆ. ಕಣ್ಣು ಸ್ಕ್ರೀನಿನ ಮೇಲಿಟ್ಟು ಹಿಂದಕ್ಕೆ ಹೆಜ್ಜೆ ಹಾಕಬೇಡಿ. ಟ್ರೈಪಾಡ್ ಎಲ್ಲಿ ಎಂದು ಮೊದಲೇ ನೋಡಿಕೊಂಡು, ಅಲ್ಲಿಗೆ ಒಪ್ಪುವ ಲೆನ್ಸ್ ಹಾಕಿ.