ತಾಳೆಯಾದರೆ ಸಾಕೇ?

ಬೈನರಿ ಸಂಖ್ಯೆಯನ್ನು ಹೆಕ್ಸಾಡೆಸಿಮಲ್‌ಗೆ ಬದಲಿಸಿದ ಮೇಲೆ, ಬಂದ ಉತ್ತರವನ್ನು ದಶಮಾನಕ್ಕೆ ತಂದು ತಾಳೆ ನೋಡಿ ಎಂದು ಕಂಪ್ಯೂಟರ್ ಸೈನ್ಸ್ ತರಗತಿಗಳಲ್ಲಿ ಹೇಳಿಕೊಡುವುದು ರೂಢಿ. ಸಲಹೆ ಒಳ್ಳೆಯದೇ. ಆದರೆ ತಾಳೆಯಾದಾಗ ಯಾವುದು ಸಾಬೀತಾಯಿತು, ಯಾವುದು ಆಗಲಿಲ್ಲ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಎರಡು ಕಡೆ ಒಂದೇ ಅಂಕಿ ಬಂದ ಕೂಡಲೇ ವಿದ್ಯಾರ್ಥಿ ಉತ್ತರದ ಕೆಳಗೆ ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುತ್ತಾನೆ.

ಒಂದು ಲೆಕ್ಕವನ್ನೇ ಹಿಡಿದು ನೋಡೋಣ. ಕೊಟ್ಟಿರುವ ಬೈನರಿ 1011011101. ಬಲಗಡೆಯಿಂದ ನಾಲ್ಕು ನಾಲ್ಕು ಬಿಟ್‌ಗಳ ಗುಂಪು ಮಾಡಿದರೆ 10, 1101, 1101 ಎಂದಾಗುತ್ತದೆ. ಎಡತುದಿಯ ಗುಂಪಿಗೆ ಎರಡು ಸೊನ್ನೆ ಸೇರಿಸಿ 0010 ಮಾಡಿಕೊಳ್ಳಬೇಕು. 0010 ಅಂದರೆ 2, 1101 ಅಂದರೆ ಹದಿಮೂರು, ಹೆಕ್ಸ್‌ನಲ್ಲಿ D. ಹಾಗಾಗಿ ಉತ್ತರ 2DD. ಈಗ ತಾಳೆ. 2DD ಎಂದರೆ 2×256 + 13×16 + 13, ಒಟ್ಟು 733. ಅತ್ತ ಮೂಲ ಬೈನರಿಯಲ್ಲಿ 1 ಇರುವ ಸ್ಥಾನಗಳ ಬೆಲೆ ಕೂಡಿದರೆ 512 + 128 + 64 + 16 + 8 + 4 + 1, ಅದೂ 733.

ಇಲ್ಲಿ ಮೊದಲು ಗಮನಿಸಬೇಕಾದದ್ದು, ತಾಳೆಗೆ ಎರಡು ಲೆಕ್ಕ ಬೇಕು ಎಂಬುದು. ಎಷ್ಟೋ ಉತ್ತರಪತ್ರಿಕೆಗಳಲ್ಲಿ ಹೆಕ್ಸ್ ಉತ್ತರವನ್ನು ಮಾತ್ರ ದಶಮಾನಕ್ಕೆ ತಂದು, 733 ಎಂದು ಬರೆದು, ಪಕ್ಕದಲ್ಲಿ ಸರಿ ಗುರುತು ಹಾಕಿರುತ್ತಾರೆ. ಯಾವುದಕ್ಕೆ ಸರಿ? ಬೈನರಿಯನ್ನು ಪ್ರತ್ಯೇಕವಾಗಿ ದಶಮಾನಕ್ಕೆ ತಾರದೆ ಹೋದರೆ ಆ 733ಕ್ಕೆ ಎದುರು ನಿಲ್ಲುವ ಅಂಕಿಯೇ ಇಲ್ಲ. ಅದನ್ನು ಮತ್ತೊಂದು ಪರಿವರ್ತನೆ ಎನ್ನಬಹುದೇ ಹೊರತು ತಾಳೆ ಎನ್ನಲಾಗದು.

ಎರಡೂ ಲೆಕ್ಕ ಮಾಡಿದವರಿಗೆ ಈ ಪದ್ಧತಿ ನಿಜವಾಗಿ ಉಪಕಾರಕ್ಕೆ ಬರುವುದು ಗುಂಪು ಮಾಡುವಾಗಿನ ತಪ್ಪಿನಲ್ಲಿ. ಎಡದಿಂದ ಬಲಕ್ಕೆ ಓದುವ ಅಭ್ಯಾಸದಿಂದ ಹಲವರು ಗುಂಪನ್ನೂ ಎಡದಿಂದಲೇ ಶುರು ಮಾಡುತ್ತಾರೆ. ಆಗ 1011, 0111, 01 ಆಗುತ್ತದೆ. ಕೊನೆಗೆ ಉಳಿದ 01ಕ್ಕೆ ಬಲಗಡೆ ಎರಡು ಸೊನ್ನೆ ಸೇರಿಸಿ 0100 ಮಾಡಿಕೊಂಡರೆ ಉತ್ತರ B74. ಇದನ್ನು ದಶಮಾನಕ್ಕೆ ತಂದರೆ 2932. ಇರಬೇಕಾದ 733ಕ್ಕೂ ಇದಕ್ಕೂ ಅಜಗಜಾಂತರ ಇರುವುದರಿಂದ ತಪ್ಪು ಕೂಡಲೇ ಬಯಲಾಗುತ್ತದೆ. ಇನ್ನೂ ಸ್ವಲ್ಪ ನೋಡಿದರೆ 2932 ಎಂಬುದು 733ರ ಸರಿಯಾಗಿ ನಾಲ್ಕು ಪಟ್ಟು. ಬೈನರಿಯ ಬಲತುದಿಗೆ ಒಂದು ಸೊನ್ನೆ ಸೇರಿಸಿದರೆ ಬೆಲೆ ಇಮ್ಮಡಿಯಾಗುತ್ತದೆ, ಎರಡು ಸೇರಿಸಿದರೆ ನಾಲ್ಕು ಪಟ್ಟು. ಅಂದರೆ ಆ ಅಂಕಿಯೇ ಎಲ್ಲಿ ಎಡವಿದ್ದೀರಿ ಎಂದು ಬೆರಳಿಟ್ಟು ತೋರಿಸುತ್ತಿದೆ.

ಬಿಂದು ಇರುವ ಲೆಕ್ಕಗಳಲ್ಲಂತೂ ಈ ತಾಳೆಯನ್ನು ಬಿಡಲೇಬಾರದು. 101.011 ಎಂಬುದನ್ನು ತೆಗೆದುಕೊಳ್ಳಿ. ಬಿಂದುವಿನ ಬಲಗಡೆ ಗುಂಪು ಎಡದಿಂದ ಬಲಕ್ಕೇ ಸಾಗಬೇಕು, ಸೊನ್ನೆಯನ್ನೂ ಬಲಗಡೆಗೇ ಸೇರಿಸಬೇಕು. ಹಾಗಾಗಿ 011 ಎಂಬುದು 0110 ಆಗಿ, ಉತ್ತರ 5.6. ಪೂರ್ಣಾಂಕದ ರೂಢಿಯಲ್ಲಿ ಎಡಕ್ಕೆ ಸೊನ್ನೆ ಸೇರಿಸಿ 0011 ಮಾಡಿದವರಿಗೆ 5.3 ಬರುತ್ತದೆ. ಎರಡೂ ನೋಡಲು ನಂಬುವಂತೆಯೇ ಇವೆ. ದಶಮಾನಕ್ಕೆ ತಂದಾಗ ಮೊದಲನೆಯದು 5 + 6/16, ಅಂದರೆ 5.375. ಎರಡನೆಯದು 5.1875. ಬೈನರಿಯಿಂದ ನೇರವಾಗಿ ಬರುವುದು 5 + 0.25 + 0.125, ಅದೇ 5.375. ತೀರ್ಪಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಪಠ್ಯಗಳು ಹೇಳಿಕೊಡುವ ಸ್ಥಾನಬೆಲೆಗಳ ಮೊತ್ತಕ್ಕಿಂತ ಒಳ್ಳೆಯ ದಾರಿಯೊಂದಿದೆ. ಅದನ್ನು ಯಾಕೆ ಅಷ್ಟಾಗಿ ಬಳಸುವುದಿಲ್ಲವೋ ಗೊತ್ತಿಲ್ಲ. ಬೈನರಿಯನ್ನು ಎಡದಿಂದ ಓದುತ್ತಾ ಹೋಗಿ. ಪ್ರತಿ ಹೊಸ ಬಿಟ್‌ಗೂ ಕೈಯಲ್ಲಿರುವ ಸಂಖ್ಯೆಯನ್ನು ಇಮ್ಮಡಿ ಮಾಡಿ ಆ ಬಿಟ್ಟನ್ನು ಕೂಡಿಸಿ. ನಮ್ಮ ಸಂಖ್ಯೆಗೆ ಕ್ರಮವಾಗಿ 1, 2, 5, 11, 22, 45, 91, 183, 366, 733 ಬರುತ್ತವೆ. ಹೆಕ್ಸ್ ಉತ್ತರಕ್ಕೂ ಹೀಗೆಯೇ, ಇಮ್ಮಡಿಯ ಬದಲು ಹದಿನಾರು ಪಟ್ಟು. 2DDಗೆ ಮೊದಲು 2, ಆಮೇಲೆ 2×16 + 13 = 45, ಕೊನೆಗೆ 45×16 + 13 = 733. ಈಗ ಎರಡು ಸಾಲನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹೆಕ್ಸ್ ಸಾಲಿನ 2, 45, 733 ಮೂರೂ ಬೈನರಿ ಸಾಲಿನಲ್ಲಿ ಇವೆ. ಎಲ್ಲೋ ಇಲ್ಲ, ಒಂದೊಂದು ಗುಂಪು ಮುಗಿಯುವ ಜಾಗದಲ್ಲೇ ಇವೆ. ಇದು ಕಾಕತಾಳೀಯವಲ್ಲ. ನಾಲ್ಕು ಸಲ ಇಮ್ಮಡಿ ಮಾಡುವುದೂ ಒಂದು ಸಲ ಹದಿನಾರು ಪಟ್ಟು ಮಾಡುವುದೂ ಒಂದೇ ಆದ್ದರಿಂದ ಹಾಗಾಗಲೇಬೇಕು.

ಇದರ ಲಾಭ ತಪ್ಪಾದಾಗ ತಿಳಿಯುತ್ತದೆ. ಯಾರೋ 2DD ಬದಲು 2ED ಎಂದು ಬರೆದಿದ್ದಾರೆ ಎನ್ನಿ. ಸ್ಥಾನಬೆಲೆ ಕೂಡಿದರೆ ಕೊನೆಗೆ 749 ಬಂದು, 'ಎಲ್ಲೋ ತಪ್ಪಿದೆ' ಎಂಬಷ್ಟೇ ಗೊತ್ತಾಗುತ್ತದೆ. ಮತ್ತೆ ಮೊದಲಿನಿಂದ ಶುರು. ಇಮ್ಮಡಿ ದಾರಿಯಲ್ಲಾದರೆ ಎರಡನೆಯ ಹೆಜ್ಜೆಯಲ್ಲೇ 45 ಇರಬೇಕಾದ ಕಡೆ 46 ಬರುತ್ತದೆ. ತಪ್ಪು ನಡುವಿನ ಅಂಕಿಯಲ್ಲಿದೆ, ಅಲ್ಲಿಗೇ ಹೋಗಿ ತಿದ್ದಿದರಾಯಿತು. ಸ್ಥಾನಬೆಲೆ ದಾರಿ ಹಿಡಿದವರೂ ವ್ಯತ್ಯಾಸವನ್ನು ನೋಡುವ ಅಭ್ಯಾಸ ಇಟ್ಟುಕೊಂಡರೆ ಇದೇ ಸುಳಿವು ಸಿಗುತ್ತದೆ. 749ರಲ್ಲಿ 733 ಕಳೆದರೆ 16, ಅಂದರೆ ಹದಿನಾರರ ಸ್ಥಾನದಲ್ಲಿ ಒಂದು ಹೆಚ್ಚಾಗಿದೆ.

ಇಷ್ಟು ಹೊಗಳಿದ ಮೇಲೆ ಈ ಪದ್ಧತಿಯ ದೊಡ್ಡ ಕುರುಡನ್ನೂ ಹೇಳಬೇಕು. ಹತ್ತರಿಂದ ಹದಿನೈದರವರೆಗಿನ ಬೆಲೆಗಳಿಗೆ A ಇಂದ F ವರೆಗಿನ ಅಕ್ಷರಗಳಿವೆಯಲ್ಲ, ಆ ಪಟ್ಟಿಯನ್ನೇ ತಪ್ಪಾಗಿ ತಿಳಿದುಕೊಂಡಿದ್ದರೆ ಆಗುವ ತಪ್ಪನ್ನು ಇದು ಹಿಡಿಯುವುದೇ ಇಲ್ಲ. ಹತ್ತರವರೆಗೆ ಅಂಕಿ, ಹನ್ನೊಂದರಿಂದ ಅಕ್ಷರ ಎಂದು ಒಬ್ಬ ವಿದ್ಯಾರ್ಥಿ ತಪ್ಪು ತಿಳಿದುಕೊಂಡಿದ್ದಾನೆ ಎನ್ನಿ. ಇದು ಅಪರೂಪದ ತಪ್ಪೇನಲ್ಲ. ಅವನ ಲೆಕ್ಕದಲ್ಲಿ A ಹನ್ನೊಂದು, B ಹನ್ನೆರಡು, C ಹದಿಮೂರು. 1101 ಬಂದಾಗ ಅವನು C ಬರೆಯುತ್ತಾನೆ, ಉತ್ತರ 2CC. ತಾಳೆ ನೋಡಲು ಕೂತಾಗಲೂ ಅವನ ತಲೆಯಲ್ಲಿರುವುದು ಅದೇ ಪಟ್ಟಿ. 2×256 + 13×16 + 13 ಎಂದು ಬರೆದು 733 ತರುತ್ತಾನೆ. ಅಚ್ಚುಕಟ್ಟಾಗಿ ತಾಳೆಯಾಯಿತು! 2CCಯ ನಿಜವಾದ ಬೆಲೆ 716. ಹೋಗುವಾಗ ಮಾಡಿದ ತಪ್ಪನ್ನೇ ಬರುವಾಗಲೂ ಮಾಡಿದ್ದರಿಂದ ಒಂದನ್ನೊಂದು ಹೊಡೆದುಹಾಕಿವೆ. 1010 ಎಂಬ ಗುಂಪು ಎದುರಾದರೆ ಮಾತ್ರ, ಹತ್ತಕ್ಕೆ ಒಂದೇ ಸ್ಥಾನದಲ್ಲಿ ಏನು ಬರೆಯುವುದು ಎಂದು ಅವನು ತಡವರಿಸಬೇಕಾಗುತ್ತದೆ. ನಮ್ಮ ಲೆಕ್ಕದಲ್ಲಿ ಆ ಗುಂಪೇ ಇಲ್ಲ.

ಗಣಿತ ಇದನ್ನು ಹಿಡಿಯದಿರುವುದಕ್ಕೆ ಕಾರಣವಿದೆ. ಯಾವ ಬೆಲೆಗೆ ಯಾವ ಅಕ್ಷರ ಎಂಬುದು ಗಣಿತದ ನಿಯಮವಲ್ಲ, ಒಪ್ಪಂದ. 1952ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೆಲಸ ಶುರು ಮಾಡಿದ ಇಲಿಯಾಕ್ ಎಂಬ ಕಂಪ್ಯೂಟರಿನಲ್ಲಿ ಹತ್ತರಿಂದ ಹದಿನೈದರವರೆಗೆ K, S, N, J, F, L ಎಂಬ ಅಕ್ಷರಗಳಿದ್ದವು. ಅಲ್ಲಿ ನಮ್ಮ 733 ಬರೆಯುವುದಾದರೆ 2JJ. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ/360 ಯಂತ್ರಗಳ ಜೊತೆ A ಇಂದ F ವರೆಗಿನ ಬರವಣಿಗೆ ಎಲ್ಲೆಡೆ ಹರಡಿತು. ಒಪ್ಪಂದವನ್ನು ಪರೀಕ್ಷಿಸಲು ಲೆಕ್ಕ ಸಾಲದು, ಪಟ್ಟಿಯನ್ನೇ ನೋಡಬೇಕು. ನಾಲ್ಕೂ ಬಿಟ್ ಒಂದಾದ 1111 ಎಂಬುದು ಕೊನೆಯ ಅಕ್ಷರ F, ಅದರ ಬೆಲೆ ಹದಿನೈದು ಎಂಬುದನ್ನು ಗಟ್ಟಿ ಮಾಡಿಕೊಂಡು ಹಿಂದಕ್ಕೆ ಎಣಿಸಿದರೆ ಸಾಕು. ಇಲ್ಲವಾದರೆ ನಮ್ಮ ಪಟ್ಟಿಯನ್ನು ಬಳಸದ ಯಂತ್ರವನ್ನು ಕೇಳಬೇಕು. ಪೈಥಾನ್‌ನಲ್ಲಿ ಹೀಗೆ:

```
>>> int("1011011101", 2), int("2CC", 16)
(733, 716)
```

ಕೈಯಲ್ಲಿ ಮಾಡಿದ ತಾಳೆ ಹಿಡಿಯದ ತಪ್ಪನ್ನು ಈ ಒಂದು ಸಾಲು ಹಿಡಿಯಿತು. ಅದಕ್ಕೆ ಕಾರಣ ಯಂತ್ರದ ಜಾಣತನವಲ್ಲ, ಅದರ ಪಟ್ಟಿ ವಿದ್ಯಾರ್ಥಿಯದಲ್ಲ ಎಂಬುದಷ್ಟೇ.

ಯಂತ್ರ ಹೇಳಿತು ಎಂದು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಎಕ್ಸೆಲ್‌ನಲ್ಲಿ ಇದೇ ಹತ್ತು ಬಿಟ್‌ಗಳನ್ನು `BIN2HEX`ಗೆ ಕೊಟ್ಟರೆ 2DD ಬರುವುದಿಲ್ಲ, `FFFFFFFEDD` ಬರುತ್ತದೆ. ಗಾಬರಿಯಾಗಿ `BIN2DEC` ಬಳಸಿದರೆ -291. ಹೆಕ್ಸ್ ಉತ್ತರವನ್ನು `HEX2DEC`ಗೆ ಕೊಟ್ಟರೂ -291. ಅಂದರೆ ಅಲ್ಲೂ ತಾಳೆಯಾಗುತ್ತದೆ! ಬೈನರಿ ಓದುವ ಈ ಫಂಕ್ಷನ್‌ಗಳು ಹೆಚ್ಚೆಂದರೆ ಹತ್ತು ಬಿಟ್ ತೆಗೆದುಕೊಳ್ಳುತ್ತವೆ, ಹತ್ತನೆಯ ಬಿಟ್ 1 ಆಗಿದ್ದರೆ ಸಂಖ್ಯೆ ಋಣಾತ್ಮಕ ಎಂದು ಓದುತ್ತವೆ. 733ರಲ್ಲಿ 1024 ಕಳೆದರೆ -291. ಉತ್ತರದ ಕೊನೆಯ DD ಹಾಗೆಯೇ ಇದೆ, 2 ಇದ್ದ ಕಡೆ E ಬಂದಿದೆ, ಏಕೆಂದರೆ ಎಡಗಡೆಗೆ ಸೊನ್ನೆಯ ಬದಲು ಒಂದುಗಳನ್ನು ತುಂಬಿ 10 ಎಂಬುದನ್ನು 1110 ಮಾಡಲಾಗಿದೆ. ಎರಡು ಉತ್ತರ ಪರಸ್ಪರ ಹೊಂದಿದರೂ ಕೇಳಿದ ಪ್ರಶ್ನೆಗೆ ಅವು ಉತ್ತರವಾಗದೇ ಹೋಗಬಹುದು.

ಎಡಗಡೆಯ ಸೊನ್ನೆಗಳ ವಿಷಯದಲ್ಲೂ ದಶಮಾನ ಕೈಕೊಡುತ್ತದೆ. 00001010 ಎಂಬ ಬೈಟನ್ನು 0A ಎಂದು ಬರೆದರೂ A ಎಂದು ಬರೆದರೂ ಬೆಲೆ ಹತ್ತೇ. ವೆಬ್ ಪುಟದ ಬಣ್ಣಕ್ಕೆ `#0A64C8` ಎಂದು ಆರು ಅಂಕಿ ಬರೆಯಬೇಕಾದ ಕಡೆ ಆ ಸೊನ್ನೆ ಬಿಟ್ಟರೆ ಐದೇ ಉಳಿದು ಬಣ್ಣವೇ ಬರುವುದಿಲ್ಲ. ಇಲ್ಲಿ ನೋಡಬೇಕಾದದ್ದು ಬೆಲೆಯನ್ನಲ್ಲ, ಉದ್ದವನ್ನು.

ಸಂಖ್ಯೆ ದೊಡ್ಡದಾದಂತೆ ಈ ಪದ್ಧತಿಯ ಖರ್ಚೂ ಏರುತ್ತದೆ. ಮೆಮೊರಿಯಲ್ಲಿ ಗುರುತಿಗಾಗಿ ಪ್ರೋಗ್ರಾಮರ್‌ಗಳು ತುಂಬಿಡುವ DEADBEEF ಎಂಬ ಮೂವತ್ತೆರಡು ಬಿಟ್‌ಗಳ ಬೆಲೆ ದಶಮಾನದಲ್ಲಿ 3735928559. ಇದನ್ನು ಕೈಯಲ್ಲಿ ಎರಡು ಸಲ ಲೆಕ್ಕ ಹಾಕುವವನು ಮೂಲ ಪರಿವರ್ತನೆಗಿಂತ ತಾಳೆಯಲ್ಲೇ ಹೆಚ್ಚು ತಪ್ಪು ಮಾಡುತ್ತಾನೆ. ಹೊಂದದಿದ್ದಾಗ ಉತ್ತರ ತಪ್ಪೋ ತಾಳೆ ತಪ್ಪೋ ಎಂದೂ ತಿಳಿಯುವುದಿಲ್ಲ. ಅಂಥ ಕಡೆ ಒಂದೊಂದು ಹೆಕ್ಸ್ ಅಂಕಿಯನ್ನೂ ಮತ್ತೆ ನಾಲ್ಕು ಬಿಟ್ ಮಾಡಿ, ಪ್ರಶ್ನೆಯಲ್ಲಿ ಮೊದಲು ಕೊಟ್ಟ ಸಾಲಿನ ಮೇಲೆ ಬೆರಳಿಟ್ಟು ಹೋಲಿಸುವುದೇ ಸರಿ. ನೀವು ನಕಲು ಮಾಡಿಕೊಂಡ ಸಾಲನ್ನು ನೋಡಬೇಡಿ, ನಕಲಿನಲ್ಲೇ ಒಂದು ಬಿಟ್ ಬಿಟ್ಟುಹೋಗಿದ್ದರೆ ಯಾವ ತಾಳೆಯೂ ಅದನ್ನು ಹಿಡಿಯದು.

ಹತ್ತು ಹನ್ನೆರಡು ಬಿಟ್‌ಗಳ ಪರೀಕ್ಷೆಯ ಲೆಕ್ಕಕ್ಕೆ, ಬಿಂದು ಇರುವ ಸಂಖ್ಯೆಗಳಿಗೆ ದಶಮಾನದ ತಾಳೆ ಇರಲಿ. ಪೂರ್ಣಾಂಕವಾದರೆ ಇಮ್ಮಡಿ ದಾರಿಯಲ್ಲಿ ಮಾಡಿ. ಹದಿನಾರು ಬಿಟ್ ದಾಟಿದರೆ ಅದನ್ನು ಕೈಬಿಡಿ.